ಡಬ್ಬಿಯಲ್ಲಿದ್ದ ಲಾಕ್ ನಟ್ಟುಗಳು

ಟೈರ್ ಅಂಗಡಿಯ ಅಕ್ಕನಿಗೆ ತನ್ನ ಮೈದುನನ ಮೇಲೆ ಅನುಮಾನವಿತ್ತು ಎಂದರೆ ಕಡಿಮೆ ಹೇಳಿದಂತೆ. ಅವನು ಬೇಗ ಎದ್ದರೆ ಯಾಕೆ ಎದ್ದ ಎಂದು ಅನುಮಾನ, ತಡವಾಗಿ ಎದ್ದರೆ ರಾತ್ರಿ ಎಲ್ಲಿ ಹೋಗಿದ್ದ ಎಂದು ಅನುಮಾನ. ಸುಮ್ಮನಿದ್ದರೆ ಏನೋ ಮುಚ್ಚಿಡುತ್ತಿದ್ದಾನೆ, ನಕ್ಕರೆ ಏನೋ ಸಾಧಿಸಿಕೊಂಡಿದ್ದಾನೆ. ಪಾಪದವನು ಯಾವ ದಿಕ್ಕಿಗೆ ತಿರುಗಿದರೂ ಅತ್ತಿಗೆಯ ಕಣ್ಣು ಬೆನ್ನಿಗೆ ಅಂಟಿಕೊಂಡಿರುತ್ತಿತ್ತು.

ಅವಳನ್ನು ಪೂರ್ತಿ ತಪ್ಪು ಎನ್ನುವಂತೆಯೂ ಇಲ್ಲ. ಮೈದುನ ಹಿಂದೊಮ್ಮೆ ಕೆಟ್ಟ ಗೆಳೆಯರ ಜೊತೆ ಸೇರಿ, ಯಾರದೋ ಕಾರಿನ ಚಕ್ರ ಬಿಚ್ಚಿ ಮಾರಲು ಹೋಗಿ ಸಿಕ್ಕಿಬಿದ್ದಿದ್ದ. ಜೈಲಿಗೂ ಹೋಗಿ ಬಂದಿದ್ದ. ಬೀದಿಯ ಜನ ಅಂದಿನಿಂದ ಅವನಿಗೆ ಗಾಲಿ ಎಂದು ಹೆಸರಿಟ್ಟಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅಕ್ಕನ ಗಂಡ ಲಾರಿ ಓಡಿಸುವವನು, ಮನೆಯಲ್ಲಿ ಇರುವುದಕ್ಕಿಂತ ರಸ್ತೆಯಲ್ಲಿ ಇರುವುದೇ ಹೆಚ್ಚು. ಅವನೇ ತಮ್ಮನನ್ನು ಕರೆತಂದು ಅಂಗಡಿಯಲ್ಲಿ ನಿಲ್ಲಿಸಿ, "ಕೆಲಸ ಗೊತ್ತು, ಮಾಡ್ಕೊಂಡು ಬಿದ್ದಿರ್ತಾನೆ. ಒಂದ್ಸಲ ತಪ್ಪು ಮಾಡಿದ್ರೆ ಮತ್ತೆ ಹೇಳ್ಬೇಡ, ಆಚೆ ಹಾಕು" ಎಂದು ಹೇಳಿ ಲಾರಿ ಹತ್ತಿದ್ದ. ಆ ಒಂದು ತಪ್ಪಿಗಾಗಿಯೇ ಅಕ್ಕ ಮೈಯೆಲ್ಲ ಕಣ್ಣಾಗಿ ಕಾಯುತ್ತಿದ್ದಳು. ಅಂಗಡಿಯ ಶಟರ್ ಬೀಗದ ಕೀಯನ್ನು ಮಾತ್ರ ಅವನ ಕೈಗೆ ಒಂದು ದಿನವೂ ಕೊಟ್ಟಿರಲಿಲ್ಲ. ಅದು ಅವಳ ಸೊಂಟದಲ್ಲೇ ಇರುತ್ತಿತ್ತು, ನಡೆದರೆ ಕಿಣಿಕಿಣಿ ಎನ್ನುತ್ತಿತ್ತು.

ಇದು ಸಾಲದು ಎಂಬಂತೆ ಹಿಂದಿನ ವಾರ ಪಕ್ಕದ ಬಡಾವಣೆಯಲ್ಲಿ ಒಂದು ಕಾರು ಬೆಳಗಾಗುವಷ್ಟರಲ್ಲಿ ಇಟ್ಟಿಗೆಗಳ ಮೇಲೆ ಕೂತಿತ್ತು. ನಾಲ್ಕೂ ಚಕ್ರ ಮಾಯ. ಪೇದೆ ಒಬ್ಬ ಟೈರ್ ಅಂಗಡಿಗಳನ್ನೆಲ್ಲ ಸುತ್ತುತ್ತ ಇಲ್ಲಿಗೂ ಬಂದ. ಜೇಬಿನಿಂದ ಒಂದು ನಟ್ಟು ತೆಗೆದು ಅಕ್ಕನ ಅಂಗೈಯಲ್ಲಿಟ್ಟ. ಅದು ಲಾಕ್ ನಟ್ಟು. ಸಾಮಾನ್ಯ ನಟ್ಟಿಗೆ ಅಳತೆ ಸರಿಯಿರುವ ಯಾವ ಪಾನವಾದರೂ, ಅಂದರೆ ಯಾವ ಸ್ಪ್ಯಾನರ್ ಆದರೂ, ಕೂರುತ್ತದೆ, ಇದು ಹಾಗಲ್ಲ. ಇದರ ಹೊರಮೈ ಗುಂಡಗೆ, ತಲೆಯಲ್ಲಿ ಹೂವಿನ ದಳದಂಥ ವಿಚಿತ್ರ ಕೊರೆತ ಇರುತ್ತದೆ. ಅದೇ ಆಕಾರದ ಕೀ ಇದ್ದರೆ ಮಾತ್ರ ಬಿಚ್ಚಲು ಬರುತ್ತದೆ. ಚಕ್ರ ಕದಿಯುವವರಿಗೆ ಅಡ್ಡಿಯಾಗಲಿ ಎಂದು ಒಂದೊಂದು ಚಕ್ರಕ್ಕೆ ಇಂಥದ್ದು ಒಂದೊಂದು ಹಾಕಿರುತ್ತಾರೆ.

"ಕಳ್ಳರು ನಾಲ್ಕು ನಟ್ಟೂ ಅಲ್ಲೇ ಬಿಸಾಕಿ ಹೋಗಿದ್ದಾರೆ" ಎಂದ ಪೇದೆ. "ಮೈ ನೋಡಿ, ಹೇಗೆ ಜಜ್ಜಿಹೋಗಿದೆ. ಮೇಲಿಂದ ಪಾನ ಹೊಡೆದು ಕೂರಿಸಿ ತಿರುಗಿಸಿದ್ದಾರೆ. ಕಸುಬು ಗೊತ್ತಿರೋರ ಕೆಲಸ. ಇಂಥದ್ದು ಎಲ್ಲಾದ್ರೂ ಕಣ್ಣಿಗೆ ಬಿದ್ರೆ ಒಂದು ಫೋನ್ ಮಾಡಿ."

ಹೇಳುವಾಗ ಅವನ ಕಣ್ಣು ನೀರಿನ ತೊಟ್ಟಿಯ ಹತ್ತಿರ ಕೂತು ಟ್ಯೂಬ್ ಒತ್ತುತ್ತಿದ್ದ ಮೈದುನನ ಕಡೆ ಹರಿದಿತ್ತು. ಮೈದುನ ತಲೆ ಎತ್ತಲಿಲ್ಲ. ಎತ್ತದೇ ಇದ್ದದ್ದನ್ನೂ ಅಕ್ಕ ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು.

ಅದಾದ ಮೇಲೆ ಇಂದು ಬೆಳಿಗ್ಗೆ ಹಳೇ ಗಿರಾಕಿಯಾದ ಶಾಲಾ ಮೇಷ್ಟ್ರೊಬ್ಬರು ತಮ್ಮ ಕಾರನ್ನು ಕುಂಟಿಸುತ್ತ ತಂದು ಅಂಗಡಿಯ ಮುಂದೆ ನಿಲ್ಲಿಸಿದರು. ಮುಂದಿನ ಎಡಚಕ್ರದ ಗಾಳಿ ಇಳಿದಿತ್ತು. ಅಕ್ಕ ಪಾನ ಹಿಡಿದು ಬಗ್ಗಿ ನೋಡಿದಳು. ಐದು ನಟ್ಟಿನಲ್ಲಿ ಒಂದು ಲಾಕ್ ನಟ್ಟು.

"ಕೀ ಕೊಡಿ ಮೇಷ್ಟ್ರೇ."

ಮೇಷ್ಟ್ರು ಮುಂದಿನ ಡಬ್ಬಿ ತೆಗೆದು ನೋಡಿದರು. ಬಾಗಿಲಿನ ಚೀಲ ನೋಡಿದರು. ಹಿಂದಿನ ಸ್ಟೆಪ್ನಿ ಎತ್ತಿ ಅದರ ಕೆಳಗೆ, ಜಾಕಿನ ಚೀಲದೊಳಗೆ, ಸೀಟಿನಡಿಯ ಸಂದಿನಲ್ಲಿ ಕೈ ಹಾಕಿ ಹುಡುಕಿದರು. ಒಣಗಿದ ಪೆನ್ನುಗಳು, ಒಂದು ಮುರಿದ ಕನ್ನಡಕ, ಮೊಮ್ಮಗಳ ಒಂಟಿ ಕಾಲುಚೀಲ ಸಿಕ್ಕವು. ಕೀ ಸಿಗಲಿಲ್ಲ.

"ಇಲ್ಲೇ ಅಲ್ವೇನಮ್ಮ ಕೊನೇ ಸಲ ಚಕ್ರ ಬಿಚ್ಚಿದ್ದು? ಹಿಂದಿನದ್ದು ಮುಂದಕ್ಕೆ, ಮುಂದಿನದ್ದು ಹಿಂದಕ್ಕೆ ಹಾಕಿಕೊಟ್ರಲ್ಲ. ಆಮೇಲೆ ನಾನು ಅದನ್ನ ಮುಟ್ಟೇ ಇಲ್ಲ."

"ನಾನು ಕೆಲಸ ಮುಗಿದ ತಕ್ಷಣ ಕೀ ಗಿರಾಕಿ ಕೈಗೇ ಕೊಡೋದು" ಎಂದಳು ಅಕ್ಕ ಒಂದೇ ಉಸಿರಿಗೆ. "ಇಷ್ಟು ವರ್ಷದಲ್ಲಿ ಒಂದು ಕೀ ಆಚೀಚೆ ಮಾಡಿದವಳಲ್ಲ."

ಅದು ಅವಳ ಹೆಮ್ಮೆ. ಕೀ ಕಳೆಯಬಾರದು ಎಂದೇ ಅವಳು ಒಂದು ಶಿಸ್ತು ಇಟ್ಟುಕೊಂಡಿದ್ದಳು. ನೆಲದ ಮೇಲೆ ಇಟ್ಟರೆ ಕಾಲಿಗೆ ಸಿಕ್ಕಿ ಉರುಳುತ್ತದೆ, ಜೇಬಿಗೆ ಹಾಕಿದರೆ ಮರೆತುಹೋಗುತ್ತದೆ. ಹಾಗಾಗಿ ಕಣ್ಣಿಗೆ ಕಾಣುವ ಎತ್ತರದ ಒಂದೇ ಜಾಗದಲ್ಲಿ ಇಡುವುದು, ಅಲ್ಲಿಂದಲೇ ತೆಗೆದು ಕೊಡುವುದು. ಇಂಥ ಶಿಸ್ತಿನವಳ ಕೈಯಲ್ಲಿ ಕೀ ಕಳೆಯುವುದು ಸಾಧ್ಯವೇ ಇರಲಿಲ್ಲ. ಹಾಗಾದರೆ ಮೇಷ್ಟ್ರ ಕೀ ಎಲ್ಲಿ ಹೋಯಿತು? ಯಾರಾದರೂ ಎತ್ತಿಟ್ಟುಕೊಂಡಿದ್ದರೆ? ಕೀ ಕೈಯಲ್ಲಿದ್ದರೆ ಕಾರಿನ ಚಕ್ರ ಬಿಚ್ಚುವುದು ಕೈತೊಳೆದಷ್ಟು ಸುಲಭ. ಅಕ್ಕ ನಿಧಾನವಾಗಿ ಕತ್ತು ತಿರುಗಿಸಿ ಮೈದುನನ ಕಡೆ ನೋಡಿದಳು.

ಅವನು ಅವಳನ್ನು ನೋಡಲಿಲ್ಲ. ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಲಾಕ್ ನಟ್ಟನ್ನೇ ದಿಟ್ಟಿಸುತ್ತಿದ್ದ.

"ಅತ್ತಿಗೆ, ನಾನು ತೆಗೀತೀನಿ."

"ಬೇಡ. ನನಗೆ ಬರುತ್ತೆ."

ಅವಳ ಹತ್ತಿರ ಗುಜರಿಯಿಂದ ತಂದ ಹಳೇ ಕೀಗಳ ಒಂದು ಗೊಂಚಲಿತ್ತು. ಒಂದೊಂದನ್ನೇ ನಟ್ಟಿಗೆ ಹಿಡಿದು ನೋಡಿದಳು. ಒಂದು ಹೆಚ್ಚುಕಡಿಮೆ ಕೂತಂತಾಯಿತು. ಅದನ್ನು ನಟ್ಟು ತಿರುಗಿಸುವ ಗಾಳಿ ಗನ್ನಿಗೆ ಸಿಕ್ಕಿಸಿದಳು.

"ಗನ್ ಬೇಡ ಅತ್ತಿಗೆ. ಸರಿಯಾದ ಕೀ ಆದ್ರೂ ಲಾಕ್ ನಟ್ಟಿಗೆ ಗನ್ ಹಾಕ್ಬಾರದು. ಇದಂತೂ ಸವೆದಿರೋದು. ಕೊರೆತ ಅಳಿಸಿಹೋಗುತ್ತೆ."

ಅವನು ಬೇಡ ಎಂದದ್ದಕ್ಕೇ ಅವಳು ಗನ್ನಿನ ಗುಂಡಿ ಒತ್ತಿದಳು. ಗರ್ರೆಂದು ಒಂದು ಕ್ಷಣ ಹಲ್ಲು ಕಡಿದ ಸದ್ದು, ಆಮೇಲೆ ಸುಮ್ಮನೆ ತಿರುಗುವ ಸದ್ದು. ತೆಗೆದು ನೋಡಿದರೆ ದಳಗಳೆಲ್ಲ ಅಳಿದು ನಟ್ಟಿನ ಮುಖ ಬೋಳಾಗಿತ್ತು. ಈಗ ಅಸಲಿ ಕೀ ಸಿಕ್ಕಿದ್ದರೂ ಪ್ರಯೋಜನವಿರಲಿಲ್ಲ. ಮೇಷ್ಟ್ರು ಕೆಮ್ಮಿದರು. ಅಕ್ಕ ಎಣ್ಣೆಯ ಡಬ್ಬಿ ಎತ್ತಿಕೊಂಡು ನಟ್ಟಿನ ಮೇಲೆ ಪುಸ್ ಎನಿಸಿದಳು.

"ಈ ನಟ್ಟಿನ ತಲೆ ಮುಚ್ಚಿದೆಯಲ್ಲ, ಎಣ್ಣೆ ಒಳಗಿನ ತಿರುಪಿಗೆ ಇಳಿಯಲ್ಲ" ಎಂದ ಮೈದುನ ಮೆಲ್ಲಗೆ.

ಅಕ್ಕನ ಮುಖ ಕೆಂಪಾಯಿತು. ಡಬ್ಬಿ ಕುಕ್ಕಿ ಎದ್ದಳು. "ಸರಿ, ಮಾಡಪ್ಪ. ನಿನಗೆ ಇದೆಲ್ಲ ಚೆನ್ನಾಗೇ ಅಭ್ಯಾಸ ಇರುತ್ತೆ."

ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಮೈದುನ ಮೂಲೆಯಲ್ಲಿದ್ದ ತನ್ನ ಬ್ಯಾಗು ತಂದ. ಅಂಗಡಿಯ ಸಾಮಾನು ಅಂಗಡಿಯಲ್ಲಿರುವಾಗ ಇವನಿಗೆ ಸ್ವಂತ ಬ್ಯಾಗು ಯಾಕೆ ಎಂದು ಅಕ್ಕನಿಗೆ ಮೊದಲಿನಿಂದಲೂ ಕೊರೆಯುತ್ತಿತ್ತು. ಅವನು ಜಿಪ್ಪು ಎಳೆದು ಕೈ ಹಾಕಿದಾಗ ಒಳಗೆ ಲೋಹಕ್ಕೆ ಲೋಹ ತಾಗಿ ಗಲಗಲ ಎಂದಿತು. ಅಕ್ಕನ ಕಿವಿ ನೆಟ್ಟಗಾಯಿತು.

ಅವನು ಜಾಕ್ ಹಾಕಲಿಲ್ಲ. ಚಕ್ರ ನೆಲದ ಮೇಲೇ ಇರಲಿ ಎಂದ, ಕಾರು ಅಲ್ಲಾಡದಂತೆ ಹ್ಯಾಂಡ್‌ಬ್ರೇಕ್ ಎಳೆಸಿದ. ಮೊದಲು ಉಳಿದ ನಾಲ್ಕು ನಟ್ಟುಗಳನ್ನು ಬಿಚ್ಚುವ ಬದಲು ಚೂರು ಬಿಗಿ ಮಾಡಿದ.

"ಇದೇನಪ್ಪ, ಬಿಚ್ಚು ಅಂದ್ರೆ ಬಿಗೀತೀಯಾ?" ಎಂದರು ಮೇಷ್ಟ್ರು.

"ಅವು ಹಿಡ್ಕೊಂಡ್ರೆ ಇದರ ಮೇಲಿನ ಭಾರ ಕಡಿಮೆ ಆಗುತ್ತೆ ಸರ್."

ಆಮೇಲೆ ಇಕ್ಕಳದಿಂದ ನಟ್ಟಿನ ಹೊರಮೈ ಹಿಡಿದು ಅಲ್ಲಾಡಿಸಿ ನೋಡಿದ. ಕೆಲವು ಲಾಕ್ ನಟ್ಟಿಗೆ ಸುಮ್ಮನೆ ಸುತ್ತುವ ಬಳೆ ಇರುತ್ತದೆ, ಅದಿದ್ದರೆ ಈ ಉಪಾಯ ನಡೆಯುವುದಿಲ್ಲ ಎಂದ. ಇದಕ್ಕೆ ಬಳೆ ಇರಲಿಲ್ಲ. ಚಕ್ರದ ಬೆಳ್ಳಿಬಣ್ಣ ಕೆಡದಂತೆ ಸುತ್ತ ಟೇಪು ಅಂಟಿಸಿದ. ನಟ್ಟಿಗಿಂತ ಕೂದಲೆಳೆಯಷ್ಟು ಚಿಕ್ಕದಾದ, ಒಳಗೆ ಹನ್ನೆರಡು ಮೂಲೆಯ, ಬಟ್ಟಲಿನಂಥ ಹಳೇ ಸಾಕೆಟ್ ಪಾನ ಒಂದನ್ನು ಆರಿಸಿ ನಟ್ಟಿನ ಬಾಯಿಗಿಟ್ಟು, ಸುತ್ತಿಗೆಯಿಂದ ನೇರವಾಗಿ, ಅವಸರವಿಲ್ಲದೆ ಹೊಡೆದ. ಟಣ್ ಟಣ್ ಎನ್ನುತ್ತಿದ್ದದ್ದು ಕೊನೆಗೆ ಠಕ್ ಎಂದು ದಪ್ಪ ಸದ್ದಾಯಿತು. ಸಾಕೆಟ್ಟಿನ ಮೂಲೆಗಳು ನಟ್ಟಿನ ಮೈಯನ್ನು ಕಚ್ಚಿಕೊಂಡಿದ್ದವು. ಗನ್ನು ಮುಟ್ಟದೆ ಉದ್ದನೆಯ ರಾಡು ಸಿಕ್ಕಿಸಿ, ಎಳೆದಾಡದೆ, ಮೈಭಾರವನ್ನು ಮೆಲ್ಲಗೆ ಅದರ ಮೇಲೆ ಬಿಟ್ಟ. ಕಟ್ ಎಂದು ಸದ್ದಾಗಿ ನಟ್ಟು ಸಡಿಲವಾಯಿತು.

"ಭಲೇ!" ಎಂದರು ಮೇಷ್ಟ್ರು.

ಅಕ್ಕ ಭಲೇ ಎನ್ನಲಿಲ್ಲ. ಅವಳ ತಲೆಯಲ್ಲಿ ಪೇದೆಯ ಮಾತು ಗುಂಯ್‌ಗುಡುತ್ತಿತ್ತು. ಮೇಲಿಂದ ಪಾನ ಹೊಡೆದು ಕೂರಿಸಿ ತಿರುಗಿಸಿದ್ದಾರೆ. ಕಸುಬು ಗೊತ್ತಿರೋರ ಕೆಲಸ. ಮೈದುನ ಸಾಕೆಟ್ಟನ್ನು, ಅದರೊಳಗೆ ಕಚ್ಚಿಕೊಂಡಿದ್ದ ನಟ್ಟಿನ ಸಮೇತ, ಅವಳ ಕೈಗೆ ಕೊಟ್ಟ. ಅವಳು ಅದನ್ನು ಯಾಂತ್ರಿಕವಾಗಿ ಎತ್ತಿಟ್ಟಳು. ಅವನು ಜಾಕ್ ಹಾಕಿ ಚಕ್ರ ಬಿಚ್ಚಿ, ತೂತು ಹುಡುಕಲು ನೀರಿನ ತೊಟ್ಟಿಯ ಕಡೆ ಉರುಳಿಸಿಕೊಂಡು ಹೋದ. ಮೇಷ್ಟ್ರೂ ತೂತು ನೋಡಲು ಅವನ ಹಿಂದೆಯೇ ಹೋದರು.

ಅಕ್ಕ ಬ್ಯಾಗಿನ ಮುಂದೆ ಬಗ್ಗಿದಳು. ಬಟ್ಟೆಯಡಿ ಒಂದು ತಗಡಿನ ಡಬ್ಬಿ ಇತ್ತು. ಮುಚ್ಚಳ ತೆಗೆದಳು. ಒಳಗೆ ಲಾಕ್ ನಟ್ಟುಗಳು. ಒಂದೆರಡಲ್ಲ, ಹಿಡಿ ತುಂಬ. ಎಲ್ಲದರ ಮೈಯೂ ಜಜ್ಜಿಹೋಗಿತ್ತು.

ಅಂತೂ ಸಿಕ್ಕಿದ. ಅವಳಿಗೆ ಭಯವಾಯಿತು, ಗಂಡನನ್ನು ನೆನೆದು ಸಂಕಟವಾಯಿತು. ಸುಳ್ಳೇಕೆ ಹೇಳಬೇಕು, ಎಲ್ಲೋ ಒಂದು ಕಡೆ ಸಮಾಧಾನವೂ ಆಯಿತು. ಇಷ್ಟು ದಿನ ಹೊತ್ತ ಅನುಮಾನ ಹುಸಿಯಾಗಲಿಲ್ಲ ಎಂಬ ಸಮಾಧಾನ. ಹಳೇ ಟೈರುಗಳ ಹಿಂದೆ ನಿಂತು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಪೇದೆಗೆ ಫೋನ್ ಮಾಡಿದಳು.

ಪೇದೆ ಹತ್ತಿರದಲ್ಲೇ ಇದ್ದ. ಮೈದುನ ತೂತಿಗೆ ತೇಪೆ ಹಾಕಿ, ಚಕ್ರ ಮತ್ತೆ ಕೂರಿಸಿ, ಲಾಕ್ ನಟ್ಟಿನ ಜಾಗಕ್ಕೆ ಸಾಮಾನ್ಯ ನಟ್ಟು ಹಾಕಿ ಬಿಗಿ ಮಾಡುತ್ತಿದ್ದಾಗ ಬೈಕು ಬಂದು ನಿಂತಿತು. ಮೈದುನ ಪೇದೆಯನ್ನು ನೋಡಿದ. ಅವನ ನೋಟ ಅಲ್ಲಿಂದ ತನ್ನ ಬ್ಯಾಗಿಗೆ, ಬ್ಯಾಗಿನಿಂದ ಅಕ್ಕನ ಕೈಯಲ್ಲಿದ್ದ ಡಬ್ಬಿಗೆ ಬಂತು. ಅವನು ಯಾರು ಫೋನ್ ಮಾಡಿದ್ದು ಎಂದು ಕೇಳಲಿಲ್ಲ. ಕೊನೆಯ ನಟ್ಟು ಬಿಗಿ ಮಾಡಿ ಮುಗಿಸಿ, ಕೈ ಒರೆಸಿಕೊಂಡು, ಗೋಡೆಗೆ ಒರಗಿ ನಿಂತ. ಹಾಗೆ ನಿಲ್ಲುವುದು ಅವನಿಗೆ ರೂಢಿಯಿದ್ದಂತೆ ಕಂಡಿತು.

ಪೇದೆ ಡಬ್ಬಿಯನ್ನು ಬೆಂಚಿನ ಮೇಲೆ ಸುರಿದ. ತನ್ನ ಜೇಬಿನ ನಟ್ಟನ್ನು ತೆಗೆದು ಒಂದೊಂದರ ಮುಖಕ್ಕೂ ಹಿಡಿದು ನೋಡಿದ. ಮೈ ಜಜ್ಜಿದ್ದರೂ ಅವುಗಳ ತಲೆಯ ಕೊರೆತ ಹಾಗೇ ಉಳಿದಿತ್ತು. ಒಂದರಲ್ಲಿ ಹೂವು, ಒಂದರಲ್ಲಿ ಅಲೆ, ಇನ್ನೊಂದರಲ್ಲಿ ಮುಳ್ಳು.

"ಇದಲ್ಲ... ಇದೂ ಅಲ್ಲ..." ಪೇದೆಯ ಹುಬ್ಬು ಗಂಟಾಯಿತು. "ಆ ಕಾರಿನದ್ದು ಇದರಲ್ಲಿ ಒಂದೂ ಇಲ್ಲ. ಅದಿರ್ಲಿ, ಇವುಗಳಲ್ಲೇ ಒಂದರ ಹಾಗೆ ಇನ್ನೊಂದಿಲ್ವಲ್ಲ?"

ಅವನು ಹೇಳುವ ಮೊದಲೇ ಅಕ್ಕನಿಗೆ ಕಂಡಿತ್ತು. ಒಂದು ಕಾರಿನ ನಾಲ್ಕೂ ಲಾಕ್ ನಟ್ಟಿಗೆ ಒಂದೇ ಕೀ, ಹಾಗಾಗಿ ನಾಲ್ಕರದ್ದೂ ಒಂದೇ ಕೊರೆತ. ಚಕ್ರ ಕದ್ದವನ ಡಬ್ಬಿಯಲ್ಲಿ ಒಂದೇ ಥರದ್ದು ನಾಲ್ಕು ನಾಲ್ಕು ಇರಬೇಕು. ಇಲ್ಲಿ ಒಂದೊಂದು ಥರದ್ದು ಒಂದೊಂದೇ. ಒಂದು ಕಾರಿನ ಒಂದೇ ಚಕ್ರವನ್ನು ಯಾವ ಕಳ್ಳ ಬಿಚ್ಚುತ್ತಾನೆ? ಇಷ್ಟು ವರ್ಷ ನಟ್ಟು ಬಿಚ್ಚಿ ಬದುಕಿದವಳು ಡಬ್ಬಿ ತೆಗೆದಾಗ ಇದನ್ನು ನೋಡಲಿಲ್ಲ. ಅವಳು ನಟ್ಟು ನೋಡಿರಲಿಲ್ಲ, ಗಾಲಿ ಎಂಬ ಹೆಸರನ್ನು ನೋಡಿದ್ದಳು.

"ಯಾರದಯ್ಯ ಇವು?" ಎಂದ ಪೇದೆ.

"ಗಿರಾಕಿಗಳದ್ದು ಸರ್. ಪಂಕ್ಚರ್ ಆಗಿ ಬಂದೋರದ್ದು. ಕೀ ಇರ್ಲಿಲ್ಲ."

"ಎಲ್ಲರ ಹತ್ರಾನೂ ಇರ್ಲಿಲ್ವಾ? ಕೀ ಎಲ್ಲಿ ಹೋಯ್ತು?"

ಮೈದುನ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. ಪೇದೆಯ ದನಿ ಗಡುಸಾಯಿತು. "ಕೀ ಎಲ್ಲಿ ಅಂದೆ?"

ಆಗಲೇ ಮೂಲೆಯ ಗಾಳಿ ಕಂಪ್ರೆಸರ್ ತನ್ನಷ್ಟಕ್ಕೆ ಶುರುವಾಯಿತು. ಒಳಗಿನ ಟ್ಯಾಂಕಿನಲ್ಲಿ ಗಾಳಿ ಕಡಿಮೆಯಾದಾಗ ಅದು ಹಾಗೆ ಎಚ್ಚರಾಗಿ, ಚಳಿಜ್ವರ ಬಂದವರಂತೆ ಗಡಗಡ ನಡುಗುತ್ತಿತ್ತು. ಅದರ ತಲೆಯ ಮೇಲೆ, ಬೆಲ್ಟ್ ಮುಚ್ಚಿದ ಚಪ್ಪಟೆ ತಗಡಿನ ಮೇಲೆ, ಅಕ್ಕ ಆಗ ಎತ್ತಿಟ್ಟಿದ್ದ ಸಾಕೆಟ್ ಇತ್ತು. ಕಣ್ಣಿಗೆ ಕಾಣುವ ಎತ್ತರದ ಜಾಗ. ಅವಳ ಶಿಸ್ತಿನ ಜಾಗ.

ಸಾಕೆಟ್ ಹೆಜ್ಜೆ ಹಾಕತೊಡಗಿತು. ಅಕ್ಕನೇ ಮೊದಲು ನೋಡಿದ್ದು. ಅವಳು ನೋಡುತ್ತಿರುವುದನ್ನು ಮೇಷ್ಟ್ರು ನೋಡಿದರು, ಆಮೇಲೆ ಪೇದೆಯೂ. ಅದು ಅತ್ತಿತ್ತ ಅಲ್ಲಾಡುತ್ತ, ಗೋಡೆಯ ಕಡೆಗೆ ಚೂರುಚೂರೇ ಜರುಗುತ್ತ, ಅಂಚಿಗೆ ಬಂದು, ಒಮ್ಮೆ ತೂಗಾಡಿ ಹಿಂದಕ್ಕೆ ಬಿತ್ತು. ನಡುಗುವ ಸದ್ದಿನಲ್ಲಿ ಬಿದ್ದ ಸದ್ದು ಕೇಳಿಸಲೇ ಇಲ್ಲ.

ಮೇಷ್ಟ್ರು ಬೆರಳೆತ್ತಿದರು. "ಹೌದಲ್ಲ! ಅವತ್ತು ನನ್ನ ಕೀಯನ್ನೂ ನೀವು ಅಲ್ಲೇ ಇಟ್ಟಿರಮ್ಮ. ಈಗ ನೆನಪಾಯ್ತು."

ಅಕ್ಕ ಹೋಗಿ ಸ್ವಿಚ್ ಆರಿಸಿದಳು. ಉದ್ದ ಕಡ್ಡಿಯ ತುದಿಯ ಅಯಸ್ಕಾಂತವನ್ನು ಕಂಪ್ರೆಸರ್ ಮತ್ತು ಗೋಡೆಯ ನಡುವಿನ ಸಂದಿಗೆ ಇಳಿಸಿದಳು. ಮೊದಲು ಸಾಕೆಟ್ ಬಂತು. ಮತ್ತೆ ಇಳಿಸಿದಳು. ಎಣ್ಣೆಜಿಡ್ಡು, ಧೂಳು ಮೆತ್ತಿಕೊಂಡು ಕಪ್ಪಾದ ಒಂದು ಕೀ ಬಂತು. ಮತ್ತೊಂದು ಬಂತು. ಇಳಿಸಿದಷ್ಟು ಸಲವೂ ಬಂದವು. ಕೆಲಸ ಹೆಚ್ಚಿದ್ದ ದಿನಗಳಲ್ಲಿ, ಒಂದು ಕಾರು ಹೋಗುವ ಮೊದಲೇ ಇನ್ನೊಂದು ಬಂದ ದಿನಗಳಲ್ಲಿ, ಅವಳು ಇಟ್ಟು, ತಿರುಗಿ, ಮರೆತ ಕೀಗಳು.

ಪೇದೆ ಒಂದನ್ನು ಒರೆಸಿ ಬೆಂಚಿನ ಮೇಲಿದ್ದ ನಟ್ಟಿಗೆ ಹಿಡಿದ. ಕರಾರುವಾಕ್ಕಾಗಿ ಕೂತಿತು. ಇನ್ನೊಂದು ಇನ್ನೊಂದಕ್ಕೆ ಕೂತಿತು. ಅವನಿಗೆ ನಗು ತಡೆಯಲಾಗಲಿಲ್ಲ. "ಅಮ್ಮಾ, ಕಳ್ಳ ಸಿಕ್ಕಿದ. ಕಂಪ್ರೆಸರ್ರೇ ಕಳ್ಳ!"

ಮೇಷ್ಟ್ರೂ ನಕ್ಕರು. ಮೈದುನ ನಗಲಿಲ್ಲ.

"ನೀನು ಮೊದಲೇ ಹೇಳೋಕೆ ಏನಾಗಿತ್ತಯ್ಯ?" ಎಂದ ಪೇದೆ.

"ಇಲ್ಲಿ ಬಿದ್ದಿದೆ ಅಂತ ನನಗೂ ಗೊತ್ತಿರ್ಲಿಲ್ಲ ಸರ್. ಎಲ್ರೂ ಹಿಂದೆ ಇಲ್ಲೇ ಚಕ್ರ ಬಿಚ್ಚಿಸಿದೋರು, ಹಾಗಾಗಿ ನಮ್ಮ ಅಂಗಡೀಲೇ ಕಳೆದಿದೆ ಅಂತ ಮಾತ್ರ ಗೊತ್ತಿತ್ತು. ಅತ್ತಿಗೆ ಊಟಕ್ಕೆ ಹೋದಾಗ ಬಂದೋರಿಗೆ, ನಿಮ್ಮ ಕಾರಲ್ಲೇ ಎಲ್ಲೋ ಬಿದ್ದಿರ್ಬೇಕು ಅಂತ ಹೇಳಿ ದುಡ್ಡಿಲ್ಲದೆ ತೆಗೆದುಕೊಟ್ಟೆ. ಕೀ ಯಾವತ್ತಾದ್ರೂ ಸಿಕ್ರೆ ಯಾವುದು ಯಾರದು ಅಂತ ಹೋಲಿಸಿ ನೋಡೋಕೆ ನಟ್ಟು ಇಟ್ಕೊಂಡಿದ್ದೆ."

"ಅದೇ, ಇವರಿಗೆ ಹೇಳ್ಬಹುದಿತ್ತಲ್ಲ?"

ಮೈದುನ ನೆಲ ನೋಡುತ್ತ ಹೇಳಿದ: "ಅಂಗಡೀಲಿ ಕೀ ಕಳೀತಿದೆ ಅಂದಿದ್ರೆ, ಮೊದಲು ಯಾರ ಬ್ಯಾಗ್ ತೆಗೆದು ನೋಡ್ತಿದ್ರು ಸರ್?"

ಬ್ಯಾಗು ನೆಲದ ಮೇಲೆ ಇನ್ನೂ ಬಾಯಿ ತೆರೆದುಕೊಂಡೇ ಇತ್ತು. ಅಕ್ಕನಿಗೆ ನಿಂತಲ್ಲೇ ನೆಲಕ್ಕೆ ಇಳಿದುಹೋಗಬಾರದೇ ಎನಿಸಿತು. ಪೇದೆ ಟೋಪಿ ಸರಿಮಾಡಿಕೊಂಡು, ಸುಮ್ಮನೆ ಕರೆಸಿದ್ದಕ್ಕೆ ಬೇಜಾರಿಲ್ಲ ಎಂಬಂತೆ ಕೈಯಾಡಿಸಿ, ಬೈಕು ಹತ್ತಿದ. ಮೇಷ್ಟ್ರು ಹಿಂದಿನ ಚಕ್ರದ ನಟ್ಟಿಗೆ ಹಿಡಿದು ನೋಡಿ ಧೂಳು ಮೆತ್ತಿದ ತಮ್ಮ ಕೀಯನ್ನು ಗುರುತಿಸಿ, ಜೋಪಾನವಾಗಿ ಕರವಸ್ತ್ರದಲ್ಲಿ ಸುತ್ತಿಕೊಂಡರು. ಉಳಿದ ಮೂರು ಚಕ್ರಕ್ಕೆ ಅದು ಬೇಕಿತ್ತು.

ಅವರೆಲ್ಲ ಹೋದ ಮೇಲೆ ಮೈದುನ ಬ್ಯಾಗಿನ ಜಿಪ್ಪು ಎಳೆದು ಮೂಲೆಗಿಟ್ಟ. ಅವನು ಹೊರಟೇಬಿಡುತ್ತಾನೆ ಎಂದು ಅಕ್ಕ ನೋಡುತ್ತಲೇ ಇದ್ದಳು. ಅವನು ಹೊರಡಲಿಲ್ಲ. ಹೊರಗೆ ಕಾಯುತ್ತಿದ್ದ ಸ್ಕೂಟರಿನವನ ಟ್ಯೂಬ್ ತೆಗೆದು ನೀರಿಗೆ ಅದ್ದಿದ. ಸಂಜೆಯವರೆಗೂ ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಅಕ್ಕ ಹತ್ತು ಸಲ ಬಾಯಿ ತೆರೆದಳು, ಹತ್ತು ಸಲವೂ ಪಾನ ಕೊಡು, ಟ್ಯೂಬ್ ಕೊಡು ಎಂದು ಮುಗಿಸಿದಳು. ತಪ್ಪಾಯಿತು ಎನ್ನುವುದು ಅಷ್ಟು ಸಣ್ಣ ಮಾತು, ಅವಳಿಗೆ ಅದನ್ನು ಆಡಿ ಅಭ್ಯಾಸವಿರಲಿಲ್ಲ.

ಅಂಗಡಿ ಮುಚ್ಚುವ ಹೊತ್ತಿಗೆ ಅವಳು ಸೊಂಟದ ಕೀ ಬಿಚ್ಚಿ ಅವನ ಮುಂದೆ ಹಿಡಿದಳು.

"ನಾಳೆಯಿಂದ ನೀನೇ ಬಾಗಿಲು ತೆಗಿ. ನಾನು ಅಡುಗೆ ಮುಗಿಸಿ ನಿಧಾನವಾಗಿ ಬರ್ತೀನಿ. ಇವತ್ತು ನನ್ನಿಂದ... ನನ್ನದು ತಪ್ಪಾಯ್ತು ಕಣೋ."

ಅವನು ಕೀ ನೋಡಿದ. ಕೈ ಚಾಚಲಿಲ್ಲ. ಕೋಪವೇನೂ ಅವನ ಮುಖದಲ್ಲಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ಅದು ನಿಮ್ಮ ಹತ್ರಾನೇ ಇರ್ಲಿ ಅತ್ತಿಗೆ" ಎಂದ. "ಒಂದು ದಿನ ಅಂಗಡೀಲಿ ಏನಾದ್ರೂ ಕಳೆಯುತ್ತೆ. ಅವತ್ತು ಕೀ ನನ್ನ ಜೇಬಲ್ಲಿ ಇರೋದು ಬೇಡ."

ಶಟರ್ ಅವನೇ ಎಳೆದ. ಕೆಳಗೆ ಕಾಲಿಟ್ಟು ಒತ್ತಿ ಹಿಡಿದು, ಅವಳು ಬೀಗ ಹಾಕಲಿ ಎಂದು ಪಕ್ಕಕ್ಕೆ ಸರಿದು ನಿಂತ. ಅಕ್ಕ ಬಗ್ಗಿದಳು. ಕೀ ಬೀಗದ ಕಣ್ಣಿಗೆ ಸರಿಯಾಗಿ ಕೂರಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಕಾಯುತ್ತಿದ್ದ. ಎರಡೂ ಕೈಗಳನ್ನು ಅವಳಿಗೆ ಕಾಣುವಂತೆ ಮುಂದೆ ಕಟ್ಟಿಕೊಂಡು ನಿಂತಿದ್ದ.